ಲಿಲಿ ಎಲೆ ಕಡಿದ ಬೆಕ್ಕು: ರಕ್ತಪರೀಕ್ಷೆ ಸರಿಯಿದ್ದರೂ ಮೂರು ದಿನ ಡ್ರಿಪ್ ಏಕೆ?

ಪ್ರಶ್ನೆ: ನಮ್ಮ ಚಿನ್ನು ಎರಡು ವರ್ಷದ ಹೆಣ್ಣು ಬೆಕ್ಕು, ತೂಕ 3.6 ಕೆಜಿ. ಕಳೆದ ತಿಂಗಳು ಒಂದು ಸಂಜೆ 7 ಗಂಟೆ ಸುಮಾರಿಗೆ, ಉಡುಗೊರೆಯಾಗಿ ಬಂದ ಹೂಗುಚ್ಛದಲ್ಲಿದ್ದ ಲಿಲಿಯ ಎಲೆ ಕಡಿದುಬಿಟ್ಟಿತ್ತು. ಎದೆಯ ಮೇಲೆ ಕಂದು ಬಣ್ಣದ ಪುಡಿಯೂ ಅಂಟಿತ್ತು. ರಾತ್ರಿ ಎರಡು ಸಲ ವಾಂತಿ ಮಾಡಿತು. ಅತ್ತೆ ಉಪ್ಪುನೀರು ಕುಡಿಸೋಣ ಅಂದರು. ಮೈದುನ, ಮೈ ಬಿಸಿಯಿದೆ, 650ರ ಪ್ಯಾರಸಿಟಮಾಲ್ ಅರ್ಧ ಕೊಡಿ ಅಂದ. ನಾನು ಎರಡನ್ನೂ ಕೊಡಲಿಲ್ಲ. ಬೆಳಿಗ್ಗೆ ಅದು ಆರಾಮವಾಗಿತ್ತು, ಆದರೂ 9 ಗಂಟೆಗೆ ಪಶುವೈದ್ಯರ ಬಳಿ ಕರೆದೊಯ್ದೆ. ಕ್ರಿಯಾಟಿನಿನ್ 1.3, ನಾರ್ಮಲ್ ಎಂದೇ ಬಂತು. ಹಾಗಿದ್ದೂ ಡಾಕ್ಟರು ಮೂರು ದಿನ ಇರಿಸಿಕೊಂಡು ಡ್ರಿಪ್ ಹಾಕಿದರು. ಈಗ ಚೆನ್ನಾಗಿದೆ. "ಏನೂ ಆಗದ ಬೆಕ್ಕಿಗೆ ಸುಮ್ಮನೆ ದುಡ್ಡು ಸುರಿದೆ" ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಅದು ನಿಜಕ್ಕೂ ಬೇಕಿತ್ತೇ? ಮುಂದೆ ಇಂಥದ್ದೇನಾದರೂ ತಿಂದರೆ ಮನೆಯಲ್ಲಿ ಮೊದಲು ಏನು ಮಾಡಬೇಕು?

ಉತ್ತರ: ಬೇಕಿತ್ತು. ನಿಮ್ಮ ಡಾಕ್ಟರು ಮಾಡಿದ್ದು ಸರಿ. ಅಂದು ಬೆಳಿಗ್ಗೆ ನಿಮ್ಮ ಬೆಕ್ಕನ್ನು ನನ್ನ ಬಳಿ ತಂದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ಉಪ್ಪುನೀರು ಮತ್ತು ಮಾತ್ರೆ ಎರಡನ್ನೂ ತಡೆದದ್ದಂತೂ ಇಡೀ ಪ್ರಕರಣದಲ್ಲಿ ನೀವು ಮಾಡಿದ ಬಹಳ ದೊಡ್ಡ ಕೆಲಸ. ಯಾಕೆ ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಲಿಲಿ. ಬೆಕ್ಕಿನ ಕಿಡ್ನಿ ಕೆಡಿಸುವ ಲಿಲಿಗಳು ಎರಡು ಗುಂಪಿನವು. ಹೂಗುಚ್ಛಗಳಲ್ಲಿ ಬರುವ ಏಷಿಯಾಟಿಕ್, ಓರಿಯೆಂಟಲ್, ಈಸ್ಟರ್, ಟೈಗರ್, ಸ್ಟಾರ್‌ಗೇಜರ್ ಲಿಲಿಗಳೆಲ್ಲ ಒಂದು ಗುಂಪು, ಸಸ್ಯಶಾಸ್ತ್ರದಲ್ಲಿ ಇವು ಲಿಲಿಯಂ. ತೋಟದಲ್ಲಿ ಬೆಳೆಸುವ ಡೇಲಿಲಿ ಇನ್ನೊಂದು, ಅದು ಹೆಮೆರೊಕ್ಯಾಲಿಸ್. ಇವುಗಳ ಎಲೆ, ಕಾಂಡ, ದಳ, ಪರಾಗ ಎಲ್ಲವೂ ಬೆಕ್ಕಿಗೆ ವಿಷ. ಹೂದಾನಿಯಲ್ಲಿ ಉಳಿದ ನೀರು ಕೂಡ ವಿಷವೇ, ಏಕೆಂದರೆ ಆ ವಸ್ತು ನೀರಿನಲ್ಲಿ ಕರಗುತ್ತದೆ. ಅದು ಯಾವ ರಾಸಾಯನಿಕ ಅನ್ನುವುದನ್ನು ವಿಜ್ಞಾನ ಇನ್ನೂ ಗುರುತಿಸಿಲ್ಲ. ಅದು ಎಲ್ಲಿ ಪೆಟ್ಟು ಕೊಡುತ್ತದೆ ಅನ್ನುವುದು ಮಾತ್ರ ಸ್ಪಷ್ಟವಾಗಿ ಗೊತ್ತಿದೆ: ಕಿಡ್ನಿಯೊಳಗಿನ ಸಣ್ಣ ನಳಿಕೆಗಳ ಒಳಪದರದ ಜೀವಕೋಶಗಳು ಸಾಯುತ್ತವೆ. ಅದೇ ಎಲೆ ತಿಂದ ನಾಯಿಗೆ ಹೊಟ್ಟೆ ಕೆಡಬಹುದು, ಕಿಡ್ನಿ ಹೋಗುವುದಿಲ್ಲ. "ನಮ್ಮ ನಾಯಿಯೂ ತಿಂದಿತ್ತು, ಏನೂ ಆಗಲಿಲ್ಲ" ಅನ್ನುವ ಮಾತು ಬೆಕ್ಕಿನ ವಿಷಯದಲ್ಲಿ ಲೆಕ್ಕಕ್ಕೆ ಬಾರದು.

ಎಷ್ಟು ತಿಂದರೆ ಅಪಾಯ ಎಂದು ಬಹಳ ಜನ ಕೇಳುತ್ತಾರೆ. ಇಷ್ಟರವರೆಗೆ ಪರವಾಗಿಲ್ಲ ಎಂದು ಹೇಳಬಹುದಾದ ಅಳತೆಯೇ ಇಲ್ಲ. ಒಂದೆರಡು ಎಲೆ ತಿಂದ ಬೆಕ್ಕುಗಳು ಸತ್ತಿವೆ. ಮೈಮೇಲೆ ಬಿದ್ದ ಪರಾಗವನ್ನು ನೆಕ್ಕಿಕೊಂಡದ್ದಷ್ಟೇ ಸಾಕಾದದ್ದೂ ಇದೆ. ಬೆಕ್ಕು ತನ್ನ ಮೈಯನ್ನು ದಿನವಿಡೀ ನೆಕ್ಕಿ ಶುಚಿಮಾಡಿಕೊಳ್ಳುವ ಪ್ರಾಣಿ. ಎದೆಯ ತುಪ್ಪಳಕ್ಕೆ ಅಂಟಿದ ಕಂದು ಪುಡಿ ಸ್ವಲ್ಪ ಹೊತ್ತಿನಲ್ಲಿ ಹೊಟ್ಟೆಯೊಳಗೇ ಇರುತ್ತದೆ. ಹಾಗಾಗಿ ಚಿನ್ನುವಿನ ವಿಷಯದಲ್ಲಿ ನನ್ನ ಗಮನ ಕಡಿದ ಎಲೆಯ ಮೇಲೆ ಎಷ್ಟಿದೆಯೋ ಆ ಪುಡಿಯ ಮೇಲೂ ಅಷ್ಟೇ ಇದೆ. ಕೆಲವರು ಹೂವಿನ ಕೇಸರಗಳನ್ನು ಕತ್ತರಿಸಿ ತೆಗೆದು "ಈಗ ಸುರಕ್ಷಿತ" ಅಂದುಕೊಳ್ಳುತ್ತಾರೆ. ಪುಡಿ ಉದುರುವುದು ತಪ್ಪುತ್ತದೆ, ಎಲೆ ಮತ್ತು ನೀರು ಹಾಗೆಯೇ ಉಳಿಯುತ್ತವೆ.

ಇನ್ನು ಆ ಬೆಳಗಿನ ಆರಾಮ. ಮನೆಯವರ ವಾದವೆಲ್ಲ ನಿಂತಿರುವುದು ಅದರ ಮೇಲೆಯೇ, ಆದ್ದರಿಂದ ಗಂಟೆಗಳ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡೋಣ.

ಲಿಲಿ ತಿಂದ ಬೆಕ್ಕು ಸಾಮಾನ್ಯವಾಗಿ ಮೊದಲ ಕೆಲವೇ ಗಂಟೆಗಳಲ್ಲಿ ವಾಂತಿ ಮಾಡುತ್ತದೆ, ಜೊಲ್ಲು ಸುರಿಸುತ್ತದೆ, ಮಂಕಾಗಿ ಮೂಲೆ ಸೇರುತ್ತದೆ, ಊಟ ಬಿಡುತ್ತದೆ. ಇದು ಹೊಟ್ಟೆಯ ಕೆರಳಿಕೆ. ಸುಮಾರು 12 ಗಂಟೆ ಕಳೆಯುವಷ್ಟರಲ್ಲಿ ವಾಂತಿ ನಿಲ್ಲುತ್ತದೆ, ಬೆಕ್ಕು ಎದ್ದು ಓಡಾಡುತ್ತದೆ, ನೋಡಿದವರಿಗೆ ಗುಣವಾಯಿತು ಎಂದೇ ಅನ್ನಿಸುತ್ತದೆ. ಆದರೆ ಕಿಡ್ನಿಗೆ ಏಟು ಬೀಳುವುದು ಇದೇ ಹೊತ್ತಿನಲ್ಲಿ, 12ರಿಂದ 24 ಗಂಟೆಯ ನಡುವೆ. ಆ ಮೇಲೆ ಬೆಕ್ಕು ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುತ್ತದೆ, ಮೈಯ ನೀರಿನಂಶ ಖಾಲಿಯಾಗುತ್ತದೆ. ಎರಡನೆಯ ದಿನದ ಹೊತ್ತಿಗೆ ಮೂತ್ರ ಕಡಿಮೆಯಾಗುತ್ತ ಬಂದು ಕೆಲವಕ್ಕೆ ಪೂರ್ತಿ ನಿಂತುಹೋಗುತ್ತದೆ. ಚಿಕಿತ್ಸೆ ಇಲ್ಲದೆ ಈ ಹಂತ ಮುಟ್ಟಿದ ಬೆಕ್ಕು ಮೂರರಿಂದ ಏಳು ದಿನಗಳೊಳಗೆ ಸಾಯುತ್ತದೆ.

ನೀವು ಹೋದದ್ದು 14ನೆಯ ಗಂಟೆಯಲ್ಲಿ. ಅಂದರೆ ಸರಿಯಾಗಿ ಆ ನಡುವಿನ ಮೌನದಲ್ಲಿ. ತಿಂದ 18 ಗಂಟೆಯೊಳಗೆ ಡ್ರಿಪ್ ಶುರುವಾದ ಬೆಕ್ಕುಗಳಲ್ಲಿ ಬಹುಪಾಲು ಉಳಿದುಕೊಳ್ಳುತ್ತವೆ. ಅದು ದಾಟಿದಂತೆ ಭರವಸೆ ಇಳಿಯುತ್ತ ಹೋಗುತ್ತದೆ. ಮೂತ್ರ ನಿಂತ ಮೇಲೆ ಬಂದರೆ ನಮ್ಮ ಕೈಯಲ್ಲಿ ಉಳಿಯುವುದು ಡಯಾಲಿಸಿಸ್ ಒಂದೇ, ಬೆಕ್ಕಿಗೆ ಅದು ಸಿಗುವ ಜಾಗಗಳು ಬಹಳ ಕಡಿಮೆ. "ಸಂಜೆಯವರೆಗೆ ನೋಡೋಣ" ಅಂದಿದ್ದರೆ ನೀವು 24ನೆಯ ಗಂಟೆಗೆ ಹೋಗಿರುತ್ತಿದ್ದಿರಿ.

ಹಾಗಾದರೆ ಕ್ರಿಯಾಟಿನಿನ್ 1.3 ಬಂದದ್ದರ ಅರ್ಥವೇನು? ಕ್ರಿಯಾಟಿನಿನ್ ಎಂಬುದು ಮಾಂಸಖಂಡಗಳಿಂದ ಬರುವ ಕಸ, ಅದನ್ನು ಹೊರಹಾಕುವುದು ಕಿಡ್ನಿಯ ಕೆಲಸ. ಕಿಡ್ನಿಗೆ ಮೀಸಲು ಶಕ್ತಿ ಬಹಳ ಇದೆ. ನೂರು ಜನ ಇರುವ ಕಾರ್ಖಾನೆಯಲ್ಲಿ ಐವತ್ತು ಜನ ರಜೆ ಹಾಕಿದರೂ ಉಳಿದವರು ಎಳೆದಾಡಿ ಕೆಲಸ ಮುಗಿಸಿದಂತೆ, ಅರ್ಧ ಶಕ್ತಿ ಹೋದರೂ ರಕ್ತದಲ್ಲಿ ಕಸ ಏರುವುದು ಕಾಣುವುದಿಲ್ಲ. ಹೆಚ್ಚುಕಡಿಮೆ ಮುಕ್ಕಾಲು ಭಾಗ ಶಕ್ತಿ ಕುಂದಿದ ಮೇಲಷ್ಟೇ ಕ್ರಿಯಾಟಿನಿನ್ ನಾರ್ಮಲ್ ಗೆರೆ ದಾಟುತ್ತದೆ. ಅದರ ಮೇಲೆ, ಏಟು ಬಿದ್ದ ಕೂಡಲೇ ಅದು ಏರುವುದೂ ಇಲ್ಲ, ಕಸ ಶೇಖರವಾಗಲು ಹೊತ್ತು ಬೇಕು. ಹಾಗಾಗಿ 14ನೆಯ ಗಂಟೆಯ 1.3 ಅನ್ನುವುದು "ಕಿಡ್ನಿ ಸುರಕ್ಷಿತ" ಎಂಬ ತೀರ್ಪಲ್ಲ. ಮುಂದಿನ ಪರೀಕ್ಷೆಗಳನ್ನು ಹೋಲಿಸಿ ನೋಡಲು ಸಿಕ್ಕ ಮೊದಲ ಅಂಕಿ ಅದು, ಅಷ್ಟೇ. ಮಾರನೆಯ ದಿನ ಅದೇ 1.3 ಎಂಬುದು 1.9 ಆಗಿದ್ದರೆ, ನಾರ್ಮಲ್ ಪಟ್ಟಿಯ ಒಳಗೇ ಇದ್ದರೂ ನಮ್ಮ ಎದೆ ಢವಢವ ಅನ್ನುತ್ತಿತ್ತು. ಲಿಲಿ ಪ್ರಕರಣದಲ್ಲಿ ರಕ್ತವನ್ನು ಮೊದಲು, 24 ಗಂಟೆಗೆ, 48 ಗಂಟೆಗೆ ಹೀಗೆ ಮತ್ತೆ ಮತ್ತೆ ನೋಡುವುದು ಇದಕ್ಕೇ. ಮೂತ್ರ ಪರೀಕ್ಷೆ ಇನ್ನೂ ಬೇಗ ಮಾತಾಡುತ್ತದೆ: ರಕ್ತದಲ್ಲಿ ಸಕ್ಕರೆ ಸರಿಯಿದ್ದೂ ಮೂತ್ರದಲ್ಲಿ ಸಕ್ಕರೆ ಕಂಡರೆ, ಸೂಕ್ಷ್ಮದರ್ಶಕದಲ್ಲಿ ನಳಿಕೆಯ ಸತ್ತ ಜೀವಕೋಶಗಳ ಅಚ್ಚುಗಳು ಕಂಡರೆ, ಏಟು ಬಿದ್ದಿದೆ ಎಂದೇ ಲೆಕ್ಕ.

ಡ್ರಿಪ್ ಮಾಡುವ ಕೆಲಸ ಸರಳ. ಲಿಲಿಗೆ ಪ್ರತಿವಿಷ ಇಲ್ಲ. ಕಿಡ್ನಿಗೆ ರಕ್ತದ ಹರಿವು ಕುಂದದಂತೆ, ನಳಿಕೆಗಳಲ್ಲಿ ಸತ್ತ ಕೋಶಗಳು ಕಟ್ಟಿಕೊಂಡು ದಾರಿ ಮುಚ್ಚದಂತೆ, ಮೂತ್ರ ಧಾರಾಳವಾಗಿ ಹರಿಯುತ್ತಲೇ ಇರುವಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಅದಕ್ಕಾಗಿ ಬೆಕ್ಕಿನ ದಿನದ ಅಗತ್ಯದ ಸುಮಾರು ಎರಡರಷ್ಟು ದ್ರವವನ್ನು ಎರಡರಿಂದ ಮೂರು ದಿನ ನಿಲ್ಲಿಸದೆ ಕೊಡುತ್ತೇವೆ. 3.6 ಕೆಜಿಯ ಬೆಕ್ಕಿಗೆ ಅದು ದಿನಕ್ಕೆ ಹೆಚ್ಚುಕಡಿಮೆ 400 ಮಿಲಿ. ಇದು ಬಾಯಿಂದ ಕುಡಿಸಿ ತುಂಬಿಸುವ ಪ್ರಮಾಣವಲ್ಲ. ಮನೆಗೆ ಕಳಿಸದಿರಲು ಇನ್ನೊಂದು ಕಾರಣವೂ ಇದೆ. ಹೀಗೆ ದ್ರವ ಹರಿಸುವಾಗ ಮೂತ್ರ ಅದಕ್ಕೆ ತಕ್ಕಂತೆ ಬರುತ್ತಿದೆಯೇ ಎಂದು ಅಳೆಯಬೇಕು. ನಿಮ್ಮ ಬೆಕ್ಕಿನಷ್ಟು ತೂಕಕ್ಕೆ ಗಂಟೆಗೆ 4ರಿಂದ 7 ಮಿಲಿಯಾದರೂ ಬರಬೇಕು, ಡ್ರಿಪ್ ಇದ್ದಾಗ ಅದಕ್ಕಿಂತ ಹೆಚ್ಚೇ ಬರಬೇಕು. ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ ಅಂದರೆ ಆ ದ್ರವ ಎದೆಯಲ್ಲಿ ತುಂಬಿಕೊಳ್ಳುತ್ತದೆ. ತೂಕ ದಿಢೀರ್ ಏರುವುದು, ಮಲಗಿದ್ದಾಗಲೂ ಉಸಿರು ವೇಗವಾಗುವುದು ಅದರ ಸುಳಿವು. ಹೃದಯದ ತೊಂದರೆ ಇರುವ ಬೆಕ್ಕಿಗೆ ಈ ಅಪಾಯ ಇನ್ನೂ ಹೆಚ್ಚು.

ದಾಖಲು ಮಾಡಲು ಸಾಧ್ಯವೇ ಇಲ್ಲದ ಮನೆಗಳೂ ಇವೆ, ಅದು ನನಗೆ ಗೊತ್ತು. ಆಗ ಡಾಕ್ಟರ ಬಳಿ ಹಣದ ಮಾತನ್ನು ಮುಚ್ಚಿಡದೆ ಆಡಿ. ದಿನಕ್ಕೆ ಒಂದೆರಡು ಬಾರಿ ಕರೆತಂದು ಚರ್ಮದಡಿಗೆ ದ್ರವ ಕೊಡಿಸಿ, ರಕ್ತ ಮತ್ತು ಮೂತ್ರವನ್ನು ಮರುಪರೀಕ್ಷೆ ಮಾಡಿಸುವ ದಾರಿ ಇದೆ. ಡ್ರಿಪ್‌ನಷ್ಟು ಬಲವಾದದ್ದಲ್ಲ, ನಡುರಾತ್ರಿ ಮೂತ್ರ ನಿಂತರೆ ಗೊತ್ತಾಗುವುದಿಲ್ಲ. ಆದರೂ ಮನೆಯಲ್ಲಿ ಕೂತು ಕಾಯುವುದಕ್ಕಿಂತ ಎಷ್ಟೋ ವಾಸಿ.

ಡ್ರಿಪ್ ಹಾಕದಿದ್ದರೆ ಚಿನ್ನು ಉಳಿಯುತ್ತಿರಲಿಲ್ಲವೇ ಎಂದು ಮನೆಯವರು ಕೇಳಿಯಾರು. ಉಳಿದಿದ್ದರೂ ಉಳಿಯಬಹುದಿತ್ತು, ಎಲೆ ಕಡಿದ ಪ್ರತಿ ಬೆಕ್ಕೂ ಕಿಡ್ನಿ ಕಳೆದುಕೊಳ್ಳುವುದಿಲ್ಲ. ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂಬುದನ್ನು 14ನೆಯ ಗಂಟೆಯಲ್ಲಿ ಯಾವ ಪರೀಕ್ಷೆಯೂ ಹೇಳದು. ಅದು ಗೊತ್ತಾಗುವ ಹೊತ್ತಿಗೆ ಚಿಕಿತ್ಸೆಯ ಕಾಲ ಮೀರಿರುತ್ತದೆ. ಏನೂ ಆಗದ ಬೆಕ್ಕಾಗಿ ಅದು ಮನೆಗೆ ಬಂದದ್ದೇ ಚಿಕಿತ್ಸೆ ಕೈಹಿಡಿದದ್ದರ ಲಕ್ಷಣವೂ ಆಗಿರಬಹುದು.

ಆ ಅರ್ಧ ಮಾತ್ರೆ ಕೊಟ್ಟಿದ್ದರೆ

ನಿಮ್ಮ ಮೈದುನ ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ಕೊಟ್ಟಿದ್ದರೆ ಲಿಲಿಗಿಂತ ಮೊದಲು ಮಾತ್ರೆಯೇ ಬೆಕ್ಕನ್ನು ಕೊಲ್ಲಬಹುದಿತ್ತು. ಒಂದು ಮಾತು ಮೊದಲು: ಬೆಕ್ಕಿನ ಮೈ ಬಿಸಿ ಅನ್ನಿಸಿದ ಮಾತ್ರಕ್ಕೆ ಅದು ಜ್ವರವಲ್ಲ. ಅದರ ಸಹಜ ಉಷ್ಣತೆಯೇ ನಮ್ಮದಕ್ಕಿಂತ ಹೆಚ್ಚು, ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಆರೋಗ್ಯವಾಗಿರುವ ಬೆಕ್ಕೂ ಕೈಗೆ ಬಿಸಿಯಾಗಿಯೇ ಸಿಗುತ್ತದೆ.

ಮನುಷ್ಯರ ಲಿವರ್ ಪ್ಯಾರಸಿಟಮಾಲನ್ನು ಗ್ಲುಕ್ಯುರೋನಿಕ್ ಆಮ್ಲ ಎಂಬ ವಸ್ತುವಿನ ಜೊತೆ ಕಟ್ಟಿ ಮೂತ್ರದಲ್ಲಿ ಕಳಿಸಿಬಿಡುತ್ತದೆ. ಹಾಗೆ ಕಟ್ಟುವ ಕಿಣ್ವ ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲ, ಅದರ ಜೀನ್ ಬೆಕ್ಕಿನ ಕುಲದಲ್ಲೇ ಕೆಟ್ಟುಕೂತಿದೆ. ಹೊರಹೋಗಲು ದಾರಿ ಸಿಗದ ಮಾತ್ರೆ ಮೈಯೊಳಗೆ ಬೇರೆ ರೂಪ ತಾಳಿ ರಕ್ತದ ಮೇಲೆ ಬೀಳುತ್ತದೆ. ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಗುಣವನ್ನೇ ಕಳೆದುಕೊಳ್ಳುತ್ತದೆ, ಕೆಂಪು ಕಣಗಳು ಒಡೆಯತೊಡಗುತ್ತವೆ, ಲಿವರೂ ಪೆಟ್ಟು ತಿನ್ನುತ್ತದೆ. ಒಂದರಿಂದ ನಾಲ್ಕು ಗಂಟೆಯೊಳಗೆ ಬೆಕ್ಕಿನ ತುಟಿ ಎತ್ತಿ ನೋಡಿದರೆ ಗುಲಾಬಿ ಇರಬೇಕಾದ ವಸಡು ಮಣ್ಣಿನ ಬಣ್ಣಕ್ಕೋ ಚಾಕೊಲೇಟ್ ಬಣ್ಣಕ್ಕೋ ತಿರುಗಿರುತ್ತದೆ. ಮುಖ ಮತ್ತು ಮುಂಗಾಲಿನ ಪಾದ ಊದುತ್ತವೆ. ರಕ್ತ ತೆಗೆದರೆ ಸಿರಿಂಜಿನಲ್ಲಿ ಬರುವುದೂ ಕಂದು ರಕ್ತವೇ. ಒಮ್ಮೆ ನೋಡಿದ ವೈದ್ಯರು ಆ ಬಣ್ಣವನ್ನು ಮರೆಯುವುದಿಲ್ಲ.

ಲೆಕ್ಕ ಹಾಕಿ ನೋಡಿ. ಬೆಕ್ಕಿನಲ್ಲಿ ಕೆಜಿಗೆ 10 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣಕ್ಕೂ ವಿಷದ ಲಕ್ಷಣ ಬಂದ ದಾಖಲೆಗಳಿವೆ. ಚಿನ್ನುವಿಗೆ ಅದು 36 ಮಿಲಿಗ್ರಾಂ. 650ರ ಅರ್ಧ ಮಾತ್ರೆ ಎಂದರೆ 325 ಮಿಲಿಗ್ರಾಂ, ಅಂದರೆ ಕೆಜಿಗೆ 90. ಕಾಲು ಕೊಟ್ಟರೆ ಪರವಾಗಿಲ್ಲ, ಮಕ್ಕಳ ಸಿರಪ್ ನಾಲ್ಕು ಹನಿ ಆದೀತು ಎಂಬ ಲೆಕ್ಕಾಚಾರಕ್ಕೂ ಹೋಗಬೇಡಿ. ಬೆಕ್ಕಿಗೆ ಪ್ಯಾರಸಿಟಮಾಲ್‌ನ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಯಾರಾದರೂ ಆಗಲೇ ಕೊಟ್ಟುಬಿಟ್ಟಿದ್ದರೆ ಬೈಯುತ್ತ ಕೂರದೆ ತಕ್ಷಣ ಹೊರಡಿ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ, ಎಷ್ಟು ಬೇಗ ಸಿಗುತ್ತದೋ ಅಷ್ಟು ಫಲ. ಕೊಟ್ಟವರು ಸಂಕೋಚಪಟ್ಟು ಆ ವಿಷಯ ಮುಚ್ಚಿಟ್ಟರೆ ನಾವು ಬೇರೆ ಬೇರೆ ಕಾಯಿಲೆ ಹುಡುಕುತ್ತ ಆ ಹೊತ್ತನ್ನು ಕಳೆದುಕೊಳ್ಳುತ್ತೇವೆ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳೂ ಬೆಕ್ಕಿಗೆ ಅಪಾಯವೇ, ಅವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ.

ಇದೇ ಸಾಲಿನಲ್ಲಿ ಇನ್ನೊಂದನ್ನು ಹೇಳಲೇಬೇಕು, ನಾಯಿಯೂ ಬೆಕ್ಕೂ ಇರುವ ಮನೆಗಳಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ನಾಯಿಯ ಕತ್ತಿನ ಮೇಲೆ ಬಿಡುವ ಉಣ್ಣೆ-ಚಿಗಟದ ಹನಿ ಔಷಧಿಗಳಲ್ಲಿ ಕೆಲವದರಲ್ಲಿ ಪರ್ಮೆಥ್ರಿನ್ ಇರುತ್ತದೆ. ಉಳಿದದ್ದನ್ನು ಬೆಕ್ಕಿಗೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಕಿವಿ, ಕಾಲು ಅದುರಲು ಶುರುವಾಗಿ ಫಿಟ್ಸ್‌ಗೆ ಹೋಗುತ್ತದೆ. ಹಚ್ಚಿದ್ದು ಗೊತ್ತಾದ ಕೂಡಲೇ, ಬೆಕ್ಕು ಇನ್ನೂ ಚೆನ್ನಾಗಿದ್ದರೆ, ಉಗುರುಬೆಚ್ಚನೆಯ ನೀರು ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್ ಸೋಪಿನಿಂದ ಆ ಜಾಗ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿಕೊಂಡು ಹೊರಡಿ. ಬಿಸಿನೀರು ಬೇಡ, ಅದು ಚರ್ಮದ ರಕ್ತದ ಹರಿವನ್ನು ಹೆಚ್ಚಿಸಿ ಔಷಧಿಯನ್ನು ಇನ್ನಷ್ಟು ಒಳಗೆಳೆಯುತ್ತದೆ. ತಣ್ಣೀರೂ ಬೇಡ, ಬೆಕ್ಕು ತಣ್ಣಗಾದಷ್ಟೂ ನಡುಕ ಹೆಚ್ಚುತ್ತದೆ.

ಉಪ್ಪುನೀರು ಏಕೆ ಬೇಡ

ವಿಷ ತಿಂದರೆ ವಾಂತಿ ಮಾಡಿಸಬೇಕು ಎಂಬ ಅತ್ತೆಯವರ ಯೋಚನೆಯ ಬುಡದಲ್ಲಿ ಸತ್ಯವಿದೆ. ಮೊದಲ ಒಂದೆರಡು ಗಂಟೆಗಳಲ್ಲಿ ಬಂದ ಬೆಕ್ಕಿಗೆ ನಾವೂ ಅದನ್ನೇ ಮಾಡುತ್ತೇವೆ. ಆದರೆ ಚುಚ್ಚುಮದ್ದಿನಿಂದ, ಬೆಕ್ಕು ಎಚ್ಚರವಾಗಿದೆ, ಉಸಿರು ಸರಿಯಿದೆ ಎಂದು ನೋಡಿಕೊಂಡು. ಮನೆಯಲ್ಲಿ ಉಪ್ಪುನೀರು ಕುಡಿಸಿದರೆ ವಾಂತಿ ಬಂದರೆ ಬಂತು, ಇಲ್ಲವಾದರೆ ಉಪ್ಪು ಮೈಯೊಳಗೇ ಉಳಿಯುತ್ತದೆ. ರಕ್ತದ ಸೋಡಿಯಂ ಏರಿದರೆ ಮಿದುಳಿನ ಜೀವಕೋಶಗಳ ನೀರನ್ನು ಅದು ಹೊರಗೆಳೆದು ಫಿಟ್ಸ್ ತರಿಸುತ್ತದೆ. ಕೆಲವು ಕಡೆ ನಾಯಿಗೆ ಹೇಳುವ ಹೈಡ್ರೋಜನ್ ಪೆರಾಕ್ಸೈಡ್ ಬೆಕ್ಕಿನ ಅನ್ನನಾಳ ಮತ್ತು ಹೊಟ್ಟೆಯ ಒಳಪದರವನ್ನು ಸುಟ್ಟು ರಕ್ತ ಬರಿಸುತ್ತದೆ. ಗಂಟಲಿಗೆ ಬೆರಳು ಹಾಕಿದರೆ ವಾಂತಿ ಬರುವುದಿಲ್ಲ, ನಿಮ್ಮ ಬೆರಳಿಗೆ ಹಲ್ಲು ನಾಟುತ್ತದೆ.

ಇನ್ನು ಹಾಲು, ಎಣ್ಣೆ, ತುಪ್ಪ, ಇದ್ದಿಲ ಪುಡಿ. ಹಾಲು ಯಾವ ವಿಷವನ್ನೂ ಮುರಿಯುವುದಿಲ್ಲ, ಹೆಚ್ಚಿನ ದೊಡ್ಡ ಬೆಕ್ಕುಗಳಿಗೆ ಭೇದಿ ಬರಿಸುತ್ತದೆ ಅಷ್ಟೇ. ಒದ್ದಾಡುವ ಬೆಕ್ಕಿನ ಬಾಯಿಗೆ ಸುರಿದ ಎಣ್ಣೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ, ಆ ಮೇಲೆ ನಾವು ಎರಡು ಕಾಯಿಲೆಗೆ ಚಿಕಿತ್ಸೆ ಮಾಡಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಆಕ್ಟಿವೇಟೆಡ್ ಚಾರ್ಕೋಲ್ ನಿಜವಾಗಿಯೂ ಕೆಲವು ವಿಷಗಳನ್ನು ಹೀರಿಕೊಳ್ಳುತ್ತದೆ, ಆದರೆ ಅದು ವಿಶೇಷವಾಗಿ ತಯಾರಿಸಿದ ಪುಡಿ, ಒಲೆಯ ಇದ್ದಿಲಿಗೆ ಆ ಶಕ್ತಿ ಇಲ್ಲ. ಅದೂ ಉಸಿರಿನ ದಾರಿಗೆ ಹೋದರೆ ಅಪಾಯವೇ, ಆದ್ದರಿಂದ ಮನೆಯಲ್ಲಿ ಬೇಡ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು

ಮೊದಲು ಬೆಕ್ಕನ್ನು ಆ ಜಾಗದಿಂದ ಎತ್ತಿ ಒಂದು ಕೋಣೆಯಲ್ಲಿ ಬಾಗಿಲು ಹಾಕಿ ಇರಿಸಿ. ಹೆದರಿದ ಬೆಕ್ಕು ಮಂಚದಡಿ ಸೇರಿದರೆ ಅದನ್ನು ಹೊರತೆಗೆಯುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಬಾಯಲ್ಲಿ ಎಲೆಯ ಚೂರು ಕಾಣುತ್ತಿದ್ದು ಸುಲಭವಾಗಿ ಬರುವಂತಿದ್ದರೆ ತೆಗೆಯಿರಿ, ಬಲವಂತ ಬೇಡ. ಮೈಮೇಲೆ ಪರಾಗ ಅಂಟಿದ್ದರೆ ಒದ್ದೆ ಬಟ್ಟೆಯಿಂದ ಒತ್ತಿ ಎತ್ತಿಕೊಳ್ಳಿ. ತಿಕ್ಕಿದರೆ ಅದು ತುಪ್ಪಳದೊಳಗೆ ಹರಡುತ್ತದೆ. ಒಂದೊಂದು ಸಲ ಒರೆಸಿದಾಗಲೂ ಬಟ್ಟೆಯ ಹೊಸ ಮಡಿಕೆ ಬಳಸಿ, ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವವರೆಗೆ. ಆ ಮೇಲೆ ತಲೆಯಷ್ಟೇ ಹೊರಗಿರುವಂತೆ ಟವೆಲ್ಲಿನಲ್ಲಿ ಸುತ್ತಿದರೆ ನೆಕ್ಕಿಕೊಳ್ಳುವುದು ತಪ್ಪುತ್ತದೆ.

ಅಷ್ಟು ಮಾಡಿ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಅವರಿಗೆ ಬೇಕಾಗುವುದು ಏನು ತಿಂದಿತು, ಹೆಚ್ಚೆಂದರೆ ಎಷ್ಟು ತಿಂದಿರಬಹುದು, ಯಾವಾಗ, ಬೆಕ್ಕಿನ ತೂಕ ಎಷ್ಟು, ಮೊದಲೇ ಕಿಡ್ನಿ ಅಥವಾ ಹೃದಯದ ತೊಂದರೆ ಇದೆಯೇ ಎಂಬುದು. ತಿಂದದ್ದನ್ನು ಕಣ್ಣಾರೆ ನೋಡಿರದಿದ್ದರೆ, ಬೆಕ್ಕು ಮತ್ತು ಗಿಡ ಎರಡೂ ಸರಿಯಾಗಿದ್ದದ್ದನ್ನು ಕೊನೆಯ ಬಾರಿ ಎಷ್ಟು ಹೊತ್ತಿಗೆ ಕಂಡಿರಿ ಎಂದು ಹೇಳಿ. ನಾವು ಗಂಟೆ ಎಣಿಸುವುದು ಅಲ್ಲಿಂದಲೇ, ಮೊದಲ ವಾಂತಿಯಿಂದ ಅಲ್ಲ. ಹೊರಡುವಾಗ ಗಿಡದ ಒಂದು ಕೊಂಬೆಯನ್ನೋ ಮಾತ್ರೆಯ ಪಟ್ಟಿಯನ್ನೋ ಕವರಿನಲ್ಲಿ ಹಾಕಿ ಒಯ್ಯಿರಿ. ವಾಂತಿಯ ಫೋಟೋ ಇದ್ದರೂ ಬಹಳ ಉಪಯೋಗ. ಅದರಲ್ಲಿ ಎಲೆಯ ಒಂದು ಹಸಿರು ಚೂರು ಕಂಡರೆ ನಮ್ಮ ಅರ್ಧ ಅನುಮಾನ ಅಲ್ಲೇ ಮುಗಿಯುತ್ತದೆ.

ಆಗಲೇ ನಡುಕ, ಫಿಟ್ಸ್, ಬಾಯಿ ತೆರೆದು ಉಸಿರಾಟ, ಎದ್ದು ನಿಲ್ಲಲಾಗದ ಸ್ಥಿತಿ ಇದ್ದರೆ ಒರೆಸುವುದು, ತೊಳೆಯುವುದು ಯಾವುದೂ ಬೇಡ. ಹೊರಟು ದಾರಿಯಲ್ಲಿ ಫೋನ್ ಮಾಡಿ.

ಮನೆಯಲ್ಲಿನ ಉಳಿದ ಗಿಡ, ಆಹಾರ

ಲಿಲಿ ಎಂಬ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ಪೀಸ್ ಲಿಲಿ, ಕ್ಯಾಲಾ ಲಿಲಿ ಇವು ಮೇಲೆ ಹೇಳಿದ ಗುಂಪಿನವಲ್ಲ. ಪೀಸ್ ಲಿಲಿಯಲ್ಲಿ ಒಂದೇ ಬಿಳಿ ಹೆಡೆಯಂಥ ಎಲೆ, ಅದರ ನಡುವೆ ಒಂದು ದಿಂಡು ಇರುತ್ತದೆ. ಇದು, ಮನಿ ಪ್ಲಾಂಟ್, ಫಿಲೋಡೆಂಡ್ರಾನ್, ಡೀಫನ್‌ಬೇಕಿಯಾ ಇವೆಲ್ಲ ಒಂದೇ ಬಗೆ. ಇವುಗಳ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಕಡಿದ ಕ್ಷಣವೇ ಬಾಯಿಗೆ ಚುಚ್ಚುತ್ತದೆ, ಬೆಕ್ಕು ಜೊಲ್ಲು ಸುರಿಸುತ್ತ ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುತ್ತದೆ, ವಾಂತಿಯೂ ಆಗಬಹುದು. ನೋಡಲು ಗಾಬರಿಯಾಗುತ್ತದೆ, ಆದರೆ ಕಿಡ್ನಿ ಹೋಗುವುದಿಲ್ಲ, ಪ್ರಾಣಕ್ಕೆ ಬರುವುದು ಅಪರೂಪ. ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ, ನೀರು ಇಟ್ಟು, ಡಾಕ್ಟರಿಗೆ ತಿಳಿಸಿ. ನಾಲಿಗೆ ಊದಿ ಉಸಿರಿಗೆ ಕಷ್ಟವಾದರೆ ಮಾತ್ರ ಓಡಬೇಕು. ಇದಕ್ಕೆ ವಿರುದ್ಧವಾಗಿ ಕಣಗಿಲೆ ಹೃದಯದ ಬಡಿತವನ್ನೇ ಕೆಡಿಸುತ್ತದೆ, ಸೈಕಸ್ ಅಥವಾ ಸೇಗೋ ಪಾಮ್ ಲಿವರನ್ನು ಕೆಡಿಸುತ್ತದೆ, ಅದರಲ್ಲೂ ಅದರ ಬೀಜ. ಈ ಎರಡಕ್ಕೂ ಲಿಲಿಯಷ್ಟೇ ಅವಸರ ಬೇಕು. ಕೈಯಲ್ಲಿರುವ ಹೂವು ಯಾವ ಲಿಲಿ ಎಂದು ಗೊತ್ತಾಗದಿದ್ದರೆ ಅದು ಕಿಡ್ನಿ ಕೆಡಿಸುವ ಲಿಲಿ ಎಂದೇ ಭಾವಿಸಿ ಹೊರಡಿ.

ಆಹಾರದಲ್ಲಿ ನಾನು ಎಚ್ಚರಿಸುವುದು ಮುಖ್ಯವಾಗಿ ಈರುಳ್ಳಿ, ಬೆಳ್ಳುಳ್ಳಿಯ ಬಗ್ಗೆ, ಏಕೆಂದರೆ ಇವುಗಳ ಮೌನ ಲಿಲಿಯದಕ್ಕಿಂತಲೂ ಉದ್ದ. ತಿಂದ ದಿನ ಏನೂ ಕಾಣುವುದಿಲ್ಲ. ಎರಡರಿಂದ ಐದು ದಿನ ಕಳೆದ ಮೇಲೆ ಕೆಂಪು ಕಣಗಳು ಒಡೆದು ರಕ್ತಹೀನತೆ ಶುರುವಾಗುತ್ತದೆ. ವಸಡು ಬಿಳಚಿಕೊಳ್ಳುತ್ತದೆ, ಬೆಕ್ಕು ಸುಸ್ತಾಗಿ ಮಲಗುತ್ತದೆ, ಮೂತ್ರ ಕೆಂಪು ಕಂದಾಗಬಹುದು. ಅಷ್ಟರಲ್ಲಿ ತಿಂದದ್ದು ಯಾರಿಗೂ ನೆನಪಿರುವುದಿಲ್ಲ. ಕೆಜಿ ತೂಕಕ್ಕೆ 5 ಗ್ರಾಂ ಈರುಳ್ಳಿ ಸಾಕು, ಚಿನ್ನುವಿಗೆ ಅದು 18 ಗ್ರಾಂ, ಮಧ್ಯಮ ಗಾತ್ರದ ಈರುಳ್ಳಿಯ ಕಾಲುಭಾಗಕ್ಕೂ ಕಡಿಮೆ. ಬೇಯಿಸಿದರೆ ವಿಷ ಹೋಗುತ್ತದೆ ಎಂಬುದು ತಪ್ಪು. ಒಣಪುಡಿಯಲ್ಲಂತೂ ಅದು ಇನ್ನೂ ಸಾಂದ್ರ. ಕಾಯಿಲೆ ಬಿದ್ದ ಬೆಕ್ಕು ತಿನ್ನಲಿ ಎಂದು ದಿನಾ ಮಸಾಲೆಯ ಮಾಂಸರಸ ಹಾಕುವವರು ಇದನ್ನು ಗಮನಿಸಬೇಕು, ದಿನಕ್ಕೆ ಸ್ವಲ್ಪ ಸ್ವಲ್ಪ ಸೇರಿಯೂ ತೊಂದರೆಯಾಗುತ್ತದೆ. ಚಾಕೊಲೇಟ್, ಕಾಫಿ ಪುಡಿ, ಮದ್ಯ ಇವೂ ವಿಷವೇ, ಆದರೆ ಸಿಹಿಯ ರುಚಿಯೇ ತಿಳಿಯದ ಬೆಕ್ಕು ಚಾಕೊಲೇಟ್ ಹುಡುಕಿಕೊಂಡು ಹೋಗುವುದು ಕಡಿಮೆ.

ಚಿನ್ನುವಿನ ವಿಷಯದಲ್ಲಿ ಇನ್ನೊಂದು ಕೆಲಸ ಬಾಕಿ ಇದೆ. ಡಿಸ್ಚಾರ್ಜ್ ಆದ ಮೇಲೆ ಕ್ರಿಯಾಟಿನಿನ್ ಮತ್ತೆ ನೋಡಿಸಿರದಿದ್ದರೆ ಈಗೊಮ್ಮೆ ನೋಡಿಸಿ, ಜೊತೆಗೆ ಮೂತ್ರದ ಸಾಂದ್ರತೆಯನ್ನೂ ಕೇಳಿ. ಕಿಡ್ನಿ ತನ್ನ ಮೀಸಲು ಶಕ್ತಿಯಲ್ಲಿ ಒಂದು ಪಾಲು ಕಳೆದುಕೊಂಡಿದ್ದರೆ ಮೂತ್ರ ತೆಳುವಾಗುವುದರಲ್ಲಿ ಅದು ಮೊದಲು ಕಾಣುತ್ತದೆ. ನೀರಿನ ಬಟ್ಟಲು ಮೊದಲಿಗಿಂತ ಬೇಗ ಖಾಲಿಯಾಗುತ್ತಿದ್ದರೆ, ಮರಳಿನ ತಟ್ಟೆಯಲ್ಲಿ ಒದ್ದೆ ಉಂಡೆಗಳು ಮೊದಲಿಗಿಂತ ದೊಡ್ಡದಾಗಿದ್ದರೆ, ತೂಕ ಇಳಿಯುತ್ತಿದ್ದರೆ ಮುಂದಿನ ಲಸಿಕೆಯ ದಿನದವರೆಗೆ ಕಾಯಬೇಡಿ. ಎರಡೂ ಪರೀಕ್ಷೆ ಸರಿ ಬಂದರೆ ವರ್ಷಕ್ಕೊಮ್ಮೆ ನೋಡಿಸಿದರೆ ಸಾಕು, ಅದಕ್ಕೆ ವಿಶೇಷ ಆಹಾರವಾಗಲಿ ಔಷಧಿಯಾಗಲಿ ಬೇಕಿಲ್ಲ.